ಮುರಿಯಲಾಗದ ಒನ್-ಟೈಮ್ ಪ್ಯಾಡನ್ನು ಯಾರೂ ಯಾಕೆ ಬಳಸಲ್ಲ?

ಪ್ರಶ್ನೆ: ಸರ್, ಒನ್-ಟೈಮ್ ಪ್ಯಾಡನ್ನು ಎಂಥ ಕಂಪ್ಯೂಟರ್ ಬಂದರೂ ಮುರಿಯೋಕೆ ಆಗಲ್ಲ, ಅದು ಗಣಿತದಲ್ಲೇ ಸಾಬೀತಾಗಿದೆ ಅಂತ ಕಾಲೇಜಲ್ಲಿ ಹೇಳಿಕೊಟ್ಟರು. ಹಾಗಿದ್ರೆ ಬ್ಯಾಂಕು, ವಾಟ್ಸಾಪ್ ಎಲ್ಲಾ ಎಇಎಸ್ ಅನ್ನೋ ಸಣ್ಣ ಕೀಯ ಗೂಢಲಿಪಿ ಹಿಂದೆ ಯಾಕೆ ಬಿದ್ದಿವೆ? ಈಗ 1 ಟಿಬಿ ಡಿಸ್ಕ್ ಏನು ದೊಡ್ಡ ಖರ್ಚಲ್ಲ. ಅದರ ತುಂಬಾ ರ‍್ಯಾಂಡಮ್ ಡೇಟಾ ತುಂಬಿ ನಮ್ಮ ಎರಡು ಆಫೀಸಿಗೂ ಒಂದೊಂದು ಕಾಪಿ ಇಟ್ಟರೆ ವರ್ಷಗಟ್ಟಲೆ ಸಾಕಲ್ವಾ?

ಉತ್ತರ: ಸಾಬೀತಾಗಿರುವುದು ನಿಜ. ಆದರೆ ಅಲ್ಲಿ ಸಾಬೀತಾಗಿರುವುದು ಎರಡು ವಿಷಯ. ಕಾಲೇಜಿನಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನು ಹೇಳಿ ಬೆಲ್ ಹೊಡೆದುಬಿಡುತ್ತದೆ. ನಿಮ್ಮ ಡಿಸ್ಕಿನ ಉಪಾಯಕ್ಕೆ ತೊಡಕಾಗುವುದು ಎರಡನೆಯದು.

ಒನ್-ಟೈಮ್ ಪ್ಯಾಡ್ ಅಂದರೆ ಕಳಿಸುವವರು, ಪಡೆಯುವವರು ಇಬ್ಬರ ಹತ್ತಿರವೂ ಇರುವ ರ‍್ಯಾಂಡಮ್ ಅಂಕಿಗಳ ಪಟ್ಟಿ. ಅದರ ಪ್ರತಿ ಅಂಕಿಯನ್ನೂ ಕೀಯಾಗಿ ಒಂದೇ ಸಲ ಬಳಸಬೇಕು. ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಕಂಪ್ಯೂಟರಿನಲ್ಲಿ ಎಕ್ಸಾರ್ ಬಳಸುತ್ತಾರೆ, ಅಂದರೆ ಎರಡು ಬಿಟ್ ಒಂದೇ ಇದ್ದರೆ 0, ಬೇರೆ ಇದ್ದರೆ 1, ಆದರೆ ಹಳೆಯ ಗೂಢಚಾರರು ಕಾಗದದ ಪ್ಯಾಡಿನಲ್ಲಿ ಮಾಡುತ್ತಿದ್ದ ಅಂಕಿಗಳ ಲೆಕ್ಕ ಕಣ್ಣಿಗೆ ಸಲೀಸು. ನೀವು ಒಂದು ಟೆಂಡರ್ ಮೊತ್ತ ಕಳಿಸಬೇಕು ಅಂದುಕೊಳ್ಳಿ, 47192 ರೂಪಾಯಿ. ನಿಮ್ಮ ಪ್ಯಾಡಿನ ಮುಂದಿನ ಐದು ಅಂಕಿ 85603. ಎರಡನ್ನೂ ಕೂಡಿ, ಆದರೆ ದಶಕ ಮುಂದಕ್ಕೆ ಒಯ್ಯಬೇಡಿ. ಅಂದರೆ 4 ಮತ್ತು 8 ಸೇರಿ 12 ಆದರೆ ಬರೀ 2 ಬರೆಯಿರಿ.

```
ಸಂದೇಶ   4 7 1 9 2
ಕೀ       8 5 6 0 3
ಕಳಿಸಿದ್ದು  2 2 7 9 5
```

ಆ ಕಡೆಯವರ ಹತ್ತಿರ ಅದೇ ಪ್ಯಾಡ್ ಇದೆ. ಅವರು 22795ರಿಂದ 85603 ಕಳೆಯುತ್ತಾರೆ, ಸಾಲ ತಗೊಳ್ಳದೆ. 47192 ವಾಪಸ್ ಬರುತ್ತದೆ. ಇಷ್ಟೇ. ಇದಕ್ಕಿಂತ ಸರಳವಾದ ಗೂಢಲಿಪಿ ಇಲ್ಲ.

ಈಗ ನಡುವೆ ಕೂತು ಕದ್ದು ಕೇಳುವವನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಸಿಕ್ಕಿದ್ದು 22795 ಮಾತ್ರ. ಅವನು ಎಲ್ಲಾ ಕೀಗಳನ್ನೂ ಒಂದೊಂದಾಗಿ ಪ್ರಯತ್ನಿಸುತ್ತಾನೆ, ಐದು ಅಂಕಿಗೆ ಇರುವುದೇ 1 ಲಕ್ಷ ಕೀ, ಮೊಬೈಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. 85603 ಹಾಕಿದಾಗ 47192 ಬರುತ್ತದೆ. ಸರಿ. ಆದರೆ 91215 ಹಾಕಿದರೆ 31580 ಬರುತ್ತದೆ. ಬೇರೆ ಕೀ ಹಾಕಿದರೆ ಬೇರೆ ಮೊತ್ತ. 00000ದಿಂದ 99999ರ ತನಕ ಪ್ರತಿಯೊಂದು ಮೊತ್ತವೂ ಯಾವುದೋ ಒಂದೇ ಒಂದು ಕೀಗೆ ಸರಿಯಾಗಿ ಬಂದು ಕೂರುತ್ತದೆ. ಕೀ ನಿಜವಾಗಿಯೂ ರ‍್ಯಾಂಡಮ್ ಆಗಿದ್ದರೆ ಆ 1 ಲಕ್ಷದಲ್ಲಿ ಯಾವುದೂ ಇನ್ನೊಂದಕ್ಕಿಂತ ಹೆಚ್ಚು ಸಂಭವವಲ್ಲ. ಹಾಗಾಗಿ ಅವನಿಗೆ ಸರಿಯಾದ ಉತ್ತರ ಸಿಕ್ಕರೂ ಅದೇ ಸರಿ ಅಂತ ಗೊತ್ತಾಗುವ ದಾರಿಯೇ ಇಲ್ಲ. ಟೆಂಡರ್ 40 ಸಾವಿರದ ಆಸುಪಾಸಿನಲ್ಲಿರಬಹುದು ಅಂತ ಅವನಿಗೆ ಮೊದಲೇ ಅಂದಾಜಿದ್ದರೆ, ಸಂದೇಶ ಕದ್ದ ಮೇಲೂ ಅಷ್ಟೇ ಅಂದಾಜು, ಒಂದು ಕೂದಲೆಳೆಯಷ್ಟೂ ಜಾಸ್ತಿಯಾಗಲ್ಲ. ಅವನಿಗೆ ಹೊಸದಾಗಿ ಗೊತ್ತಾಗುವುದು ಸಂದೇಶದ ಉದ್ದ, ಮತ್ತೆ ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನುವುದು. ಅದನ್ನು ಪ್ಯಾಡ್ ಮುಚ್ಚುವುದಿಲ್ಲ.

ಇದೇ ಪರಿಪೂರ್ಣ ಗೌಪ್ಯತೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ಇದನ್ನು 1949ರಲ್ಲಿ ಪ್ರಕಟಿಸಿದರು. ಕೆಲಸ ಮಾಡಿದ್ದು ಯುದ್ಧದ ಸಮಯದಲ್ಲೇ, 1945ರ ರಹಸ್ಯ ವರದಿಯಲ್ಲೇ ಇತ್ತು. ಎಇಎಸ್ ಹೀಗಲ್ಲ. ಎಇಎಸ್‌ನಲ್ಲಿ ಒಂದು ಉದ್ದನೆಯ ಸಂದೇಶಕ್ಕೆ ಎಲ್ಲಾ ಕೀಗಳನ್ನೂ ಹಾಕಿ ನೋಡಿದರೆ ಒಂದು ಕೀಗೆ ಮಾತ್ರ ಅರ್ಥವಿರುವ ವಾಕ್ಯ ಬರುತ್ತದೆ, ಉಳಿದದ್ದೆಲ್ಲ ಕಸ. ಅಂದರೆ ತಾತ್ವಿಕವಾಗಿ ಅದನ್ನು ಮುರಿಯಬಹುದು. ಅಷ್ಟು ಕೀ ಪ್ರಯತ್ನಿಸಲು ಆಗುವುದಿಲ್ಲ ಅನ್ನುವುದೊಂದೇ ಅದರ ಗಟ್ಟಿತನ.

ಇನ್ನು ಶ್ಯಾನನ್ ತೋರಿಸಿದ ಎರಡನೇ ವಿಷಯ. ಪರಿಪೂರ್ಣ ಗೌಪ್ಯತೆ ಬೇಕಿದ್ದರೆ ಕೀ ಕನಿಷ್ಠ ಸಂದೇಶದಷ್ಟು ದೊಡ್ಡದಿರಲೇಬೇಕು. ಒನ್-ಟೈಮ್ ಪ್ಯಾಡಿಗೆ ಮಾತ್ರ ಅಲ್ಲ, ಮುಂದೆ ಯಾರು ಯಾವ ಬುದ್ಧಿವಂತಿಕೆಯ ಗೂಢಲಿಪಿ ಕಂಡುಹಿಡಿದರೂ ಇದು ತಪ್ಪಿದ್ದಲ್ಲ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಸಂದೇಶಗಳು 1 ಲಕ್ಷ ಇದ್ದು ಕೀಗಳು 1 ಸಾವಿರ ಮಾತ್ರ ಇದ್ದರೆ, 22795 ಕೈಗೆ ಸಿಕ್ಕ ತಕ್ಷಣ ಹೆಚ್ಚೆಂದರೆ 1 ಸಾವಿರ ಮೊತ್ತಗಳು ಸಾಧ್ಯ, ಉಳಿದ 99 ಸಾವಿರ ಬಿಟ್ಟುಹೋದವು. ಕದ್ದವನಿಗೆ ಏನೋ ಒಂದು ತಿಳಿದುಬಿಟ್ಟಿತು, ಪರಿಪೂರ್ಣತೆ ಅಲ್ಲಿಗೆ ಮುಗಿಯಿತು.

ಇದರ ಅರ್ಥ ಏನು ಅಂದರೆ, 1 ಟಿಬಿ ಗುಟ್ಟಾಗಿ ಕಳಿಸಬೇಕಿದ್ದರೆ ಮೊದಲು 1 ಟಿಬಿ ಕೀಯನ್ನು ಗುಟ್ಟಾಗಿ ಕಳಿಸಿರಬೇಕು. ಪ್ಯಾಡ್ ನಿಮ್ಮ ಗುಟ್ಟಿನ ಸಮಸ್ಯೆಯನ್ನು ಬಿಡಿಸುವುದಿಲ್ಲ, ಮುಂಚಿನ ಯಾವುದೋ ದಿನಕ್ಕೆ ಸರಿಸುತ್ತದೆ, ಅದೇ ಗಾತ್ರದಲ್ಲಿ. ಅದರಿಂದ ಲಾಭ ಇಲ್ಲ ಅಂತಲ್ಲ. ಇವತ್ತು ನಿಮ್ಮವರೇ ಕಾರಿನಲ್ಲಿ ಡಿಸ್ಕ್ ಒಯ್ಯಬಹುದು, ನಾಳೆ ಅರ್ಜೆಂಟಾಗಿ ಕಳಿಸಬೇಕಾದಾಗ ಒಯ್ಯಲು ಆಗದೇ ಇರಬಹುದು. ಆದರೆ ಸಿಗುವ ಲಾಭ ಅಷ್ಟೇ, ಸಮಯದ್ದು.

ಈಗ ನಿಮ್ಮ ಡಿಸ್ಕನ್ನೇ ತೆಗೆದುಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡೋಣ. ಮೊದಲ ಹೆಜ್ಜೆಯಲ್ಲೇ ಎಡವುವ ಸಾಧ್ಯತೆ ಜಾಸ್ತಿ. ಡಿಸ್ಕ್ ತುಂಬಿಸಲು ಎಲ್ಲರೂ ಮಾಡುವುದು ಇದನ್ನೇ:

```
dd if=/dev/urandom of=pad.bin bs=1M
```

ಲಿನಕ್ಸಿನ ಹೊಸ ಕರ್ನೆಲ್‌ಗಳಲ್ಲಿ `/dev/urandom` ಒಳಗೆ ಕೂತಿರುವುದು ಚಾಚಾ20 ಅನ್ನುವ ಗೂಢಲಿಪಿ. ಅದು 256 ಬಿಟ್ಟಿನ ಒಂದು ಬೀಜ ತಗೊಂಡು ಅದನ್ನೇ ಹಿಗ್ಗಿಸಿ ಹಿಗ್ಗಿಸಿ ಉದ್ದನೆಯ ಬೈಟುಗಳ ಸಾಲು ಕೊಡುತ್ತದೆ. ಆಗಾಗ ಹೊಸ ಬೀಜ ಸೇರಿಸಿಕೊಳ್ಳುತ್ತದೆ, ನಿಜ, ಆದರೆ ಡಿಸ್ಕ್ ತುಂಬುವಷ್ಟು ಹೊತ್ತಿನಲ್ಲಿ ಸೇರುವ ನಿಜವಾದ ರ‍್ಯಾಂಡಮ್ 1 ಟಿಬಿಯ ಮುಂದೆ ಲೆಕ್ಕಕ್ಕೇ ಇಲ್ಲ. ಹಾಗಾದರೆ ನಿಮ್ಮ ಕೈಯಲ್ಲಿರುವುದು ಏನು? ಒನ್-ಟೈಮ್ ಪ್ಯಾಡ್ ಅಲ್ಲ. ಚಾಚಾ20 ಸ್ಟ್ರೀಮ್ ಸೈಫರ್, ಅದೂ ಕೆಲವೇ ಬೈಟಿನ ಬೀಜ ಒಯ್ಯುವ ಬದಲು ಅದರ ಉತ್ಪನ್ನವನ್ನೆಲ್ಲ ಡಿಸ್ಕಿನಲ್ಲಿ ಹೊತ್ತುಕೊಂಡು ಹೋಗುವ ಸ್ಟ್ರೀಮ್ ಸೈಫರ್. ಚಾಚಾ20 ಒಳ್ಳೆಯದೇ, ಯಾರೂ ಮುರಿದಿಲ್ಲ. ಆದರೆ ಶ್ಯಾನನ್ ಕೊಟ್ಟ ಭರವಸೆ ಈ ಡಿಸ್ಕಿಗೆ ಅನ್ವಯಿಸುವುದಿಲ್ಲ. ಎಇಎಸ್ ಮೇಲೆ ನಂಬಿಕೆ ಇಲ್ಲ ಅಂತ ಶುರು ಮಾಡಿ ಅಂಥದ್ದೇ ಇನ್ನೊಂದರ ಮೇಲೆ ನಂಬಿಕೆ ಇಟ್ಟಂತಾಯಿತು.

ಭರವಸೆ ನಿಜವಾಗಿಯೂ ಬೇಕಿದ್ದರೆ ಭೌತಿಕ ಮೂಲವೇ ಬೇಕು, ಸರ್ಕ್ಯೂಟಿನ ಗದ್ದಲ, ಬೆಳಕಿನ ಕಣ, ಇಂಥದ್ದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನಾಯಕರು ಮಾತಾಡಲು ಸಿಗ್‌ಸ್ಯಾಲಿ ಅನ್ನುವ ಯಂತ್ರ ಇತ್ತು. ಅದರ ಕೀ ಅಂದರೆ ಪಾದರಸದ ಆವಿಯ ಕೊಳವೆಗಳ ವಿದ್ಯುತ್ ಗದ್ದಲವನ್ನು ಅಚ್ಚು ಹಾಕಿದ ಗ್ರಾಮಫೋನ್ ಪ್ಲೇಟ್. ಒಂದೇ ಪ್ಲೇಟಿನ ಎರಡು ಪ್ರತಿ, ಒಂದು ಆ ದಡದಲ್ಲಿ, ಒಂದು ಈ ದಡದಲ್ಲಿ. ಒಂದು ಪ್ಲೇಟಿಗೆ ಸುಮಾರು 12 ನಿಮಿಷದ ಮಾತು. ಮುಗಿದ ಮೇಲೆ ಪ್ಲೇಟ್ ನಾಶ. ಪ್ರತಿ 12 ನಿಮಿಷದ ಮಾತಿಗೆ ಒಂದು ಪ್ಲೇಟ್ ಕಾವಲಿನಲ್ಲಿ ಸಾಗರ ದಾಟಬೇಕಿತ್ತು ಅನ್ನುವುದನ್ನು ಯೋಚಿಸಿ, ಪ್ಯಾಡಿನ ಖರ್ಚು ಎಲ್ಲಿದೆ ಅಂತ ತಿಳಿಯುತ್ತದೆ.

ಸರಿ, ಒಳ್ಳೆಯ ಹಾರ್ಡ್‌ವೇರ್ ತಂದು ಡಿಸ್ಕ್ ತುಂಬಿಸಿದಿರಿ, ಸುರಕ್ಷಿತವಾಗಿ ತಲುಪಿಸಿದಿರಿ. ಈಗ ಬಳಕೆ. ಎರಡು ಆಫೀಸೂ ಒಂದೇ ಡಿಸ್ಕಿನ ಆರಂಭದಿಂದ ಶುರು ಮಾಡಿದರೆ, ಇಬ್ಬರೂ ಒಂದೇ ಹೊತ್ತಿಗೆ ಮೊದಲ ಸಂದೇಶ ಕಳಿಸಿದ ದಿನವೇ ಒಂದೇ ಕೀ ಎರಡು ಸಲ ಬಳಕೆಯಾಗುತ್ತದೆ. ಹಾಗಾಗಿ ಡಿಸ್ಕನ್ನು ಎರಡು ಪಾಲು ಮಾಡಬೇಕು, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಎಲ್ಲಿಯ ತನಕ ಬಳಸಿದ್ದೇವೆ ಅನ್ನುವ ಗುರುತು ಎಲ್ಲೋ ಬರೆದಿಡಬೇಕು. ಆ ಗುರುತೇ ಈ ಇಡೀ ವ್ಯವಸ್ಥೆಯ ಪ್ರಾಣ. ಒಂದು ದಿನ ಸರ್ವರ್ ಕೈಕೊಡುತ್ತದೆ, ನಿಮ್ಮ ಸಿಸ್ಟಂ ಅಡ್ಮಿನ್ ಹಿಂದಿನ ರಾತ್ರಿಯ ಬ್ಯಾಕಪ್ ಹಾಕುತ್ತಾರೆ, ಅವರ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ಗುರುತು ಹಿಂದಕ್ಕೆ ಹೋಯಿತು. ಇವತ್ತು ಬೆಳಿಗ್ಗೆ ಬಳಸಿದ ಕೀಯನ್ನೇ ಸಂಜೆ ಮತ್ತೆ ಬಳಸುತ್ತೀರಿ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ನಿಮ್ಮ ಸಾಫ್ಟ್‌ವೇರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಬಳಸಿದ ಭಾಗವನ್ನು ತಕ್ಷಣ ಅಳಿಸಿಬಿಟ್ಟರೆ? ಅಳಿಸಲೇಬೇಕು, ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಡಿಸ್ಕ್ ಕದ್ದವನು ಅಷ್ಟೂ ಹಳೆಯ ಸಂದೇಶ ಓದುತ್ತಾನೆ. ಆದರೆ ಎಸ್‌ಎಸ್‌ಡಿಯಲ್ಲಿ ನೀವು ಒಂದು ಜಾಗದ ಮೇಲೆ ಹೊಸದಾಗಿ ಬರೆದರೆ ಅದು ನಿಜಕ್ಕೂ ಅದೇ ಜಾಗದಲ್ಲಿ ಬರೆಯುವುದಿಲ್ಲ. ಚಿಪ್ ಬೇಗ ಸವೆಯಬಾರದು ಅಂತ ಬೇರೆ ಕಡೆ ಬರೆದು, ಹಳೆಯದನ್ನು ಆಮೇಲೆ ಯಾವಾಗಲೋ ಅಳಿಸುತ್ತದೆ. ಗೂಢಚಾರರ ಕಾಗದದ ಪ್ಯಾಡ್ ಈ ವಿಷಯದಲ್ಲಿ ಎಷ್ಟೋ ವಾಸಿ. ಭಗ್ ಅಂತ ಹತ್ತಿಕೊಂಡು ಉರಿದುಹೋಗುವ ಕಾಗದದಲ್ಲೇ ಅಚ್ಚು ಹಾಕುತ್ತಿದ್ದರು.

ಒಂದೆರಡು ಸಲ ಕೀ ಮತ್ತೆ ಬಳಕೆಯಾದರೆ ಏನು ಮಹಾ ಅನ್ನಿಸಬಹುದು. ಲೆಕ್ಕಕ್ಕೇ ವಾಪಸ್ ಬನ್ನಿ. ಅದೇ 85603 ಕೀಯಲ್ಲಿ ಇನ್ನೊಂದು ಸಂದೇಶ 20653 ಕಳಿಸಿದಿರಿ. ಹೊರಗೆ ಹೋಗಿದ್ದು 05256. ಕದ್ದವನು ಎರಡನ್ನೂ ಒಂದರಲ್ಲಿ ಒಂದು ಕಳೆಯುತ್ತಾನೆ.

```
22795 - 05256 = 27549   (ಕಳಿಸಿದವುಗಳ ವ್ಯತ್ಯಾಸ)
47192 - 20653 = 27549   (ಸಂದೇಶಗಳ ವ್ಯತ್ಯಾಸ)
```

ಸಾಲ ತಗೊಳ್ಳದೆ ಕಳೆದಿದ್ದೇವೆ ಅನ್ನುವುದು ನೆನಪಿರಲಿ. ಕೀ ಎರಡರಲ್ಲೂ ಒಂದೇ ಇದ್ದಿದ್ದರಿಂದ ಮಾಯವಾಯಿತು. ಉಳಿದದ್ದು ಎರಡು ಸಂದೇಶಗಳ ನೇರ ಸಂಬಂಧ. ಈಗ ಒಂದು ಸಂದೇಶ ಏನಿರಬಹುದು ಅಂತ ಊಹಿಸಿದರೆ ಇನ್ನೊಂದು ತಾನೇ ಬಿಚ್ಚಿಕೊಳ್ಳುತ್ತದೆ. ಆ ಇನ್ನೊಂದು ಅರ್ಥವಿರುವಂಥದ್ದಾಗಿ ಬಂದರೆ ಊಹೆ ಸರಿ. ಮೊದಲು ಇಲ್ಲದೇ ಇದ್ದ ತಾಳೆ ನೋಡುವ ದಾರಿ ಈಗ ಅವನ ಕೈಗೆ ಸಿಕ್ಕಿದೆ.

ನಾವು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಇನ್ನೂ ದುಬಾರಿ. ಕಂಪ್ಯೂಟರು ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ, ಕಾಗುಣಿತದ ಪ್ರತಿ ಚಿಹ್ನೆಗೂ, ಮೂರು ಬೈಟ್. ಮೊದಲನೆಯದು ಯಾವಾಗಲೂ `E0`. ಎರಡನೆಯದು `B2` ಅಥವಾ `B3`. ಮೂರನೆಯದರಲ್ಲಿ ಮಾತ್ರ ನಿಜವಾದ ವಿಷಯ. ಅಂದರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಪ್ಯಾಡ್ ಖರ್ಚಾದರೆ ನಮಗೆ ಮೂರು, ಅದರಲ್ಲಿ ಹೆಚ್ಚುಕಡಿಮೆ ಎರಡು ಸುಮ್ನೆ ದಂಡ. ಅದಿರಲಿ, ಒಂದೇ ಪ್ಯಾಡಿನಲ್ಲಿ ಒಂದು ಸಲ "ನಾಳೆ" ಅಂತಲೂ ಇನ್ನೊಂದು ಸಲ "ಹಣವು" ಅಂತಲೂ ಶುರುವಾಗುವ ಎರಡು ಸಂದೇಶ ಹೋದವು ಅನ್ನಿ. ಕದ್ದವನು ಕೀ ಗೊತ್ತಿಲ್ಲದೆಯೇ ಎರಡನ್ನೂ ಎಕ್ಸಾರ್ ಮಾಡಿದರೆ ಸಿಗುವುದು ಇದು:

```
00 00 11  00 00 1D  00 00 06  00 00 07
```

ಕೀ ಬೇರೆ ಬೇರೆ ಆಗಿದ್ದಿದ್ದರೆ ಇಲ್ಲಿ ತಲೆಬುಡ ಇಲ್ಲದ ಬೈಟುಗಳು ಬರಬೇಕಿತ್ತು. ಮೂರಕ್ಕೊಂದು ಲಯದಲ್ಲಿ ಸೊನ್ನೆಗಳು ಕೂತಿರುವುದು ನೋಡಿದ ತಕ್ಷಣ ಎರಡು ವಿಷಯ ಹೊರಗೆ ಬಿದ್ದವು, ಕೀ ಮರುಬಳಕೆಯಾಗಿದೆ ಮತ್ತು ಎರಡೂ ಸಂದೇಶ ಕನ್ನಡದಲ್ಲಿವೆ ಅಥವಾ ಅದೇ ಥರ ಮೂರು ಬೈಟಿನ ಪಕ್ಕದ ಲಿಪಿಯಲ್ಲಿವೆ. ನಡುವೆ ಸ್ಪೇಸ್ ಬಂದಾಗ ಲಯ ಒಂದು ಬೈಟ್ ಜರುಗುತ್ತದೆ, ಅದೂ ಅವನಿಗೆ ಸುಳಿವೇ, ಪದ ಎಲ್ಲಿ ಮುಗಿಯಿತು ಅಂತ. ಎರಡೂ ಸಾದಾ ಇಂಗ್ಲಿಷ್ ಆಗಿದ್ದರೆ ಇಷ್ಟು ಚಂದದ ಲಯ ಕಾಣುವುದಿಲ್ಲ, ಆದರೆ ಎಕ್ಸಾರ್ ಮಾಡಿದ ಒಂದು ಬೈಟೂ 127 ದಾಟುವುದಿಲ್ಲ. ನೂರಿನ್ನೂರು ಬೈಟಿನಲ್ಲಿ ಒಂದೂ ದಾಟಲಿಲ್ಲ ಅಂದರೆ ಅದು ಆಕಸ್ಮಿಕ ಅಲ್ಲ. ನಿಮ್ಮದೇ ಸಿಸ್ಟಮಿನ ಲಾಗ್‌ನಲ್ಲಿ ಕೀ ಮರುಬಳಕೆ ಆಗಿದೆಯಾ ಅಂತ ಪರೀಕ್ಷಿಸಲೂ ಇದೇ ದಾರಿ:

```python
x = bytes(a ^ b for a, b in zip(c1, c2))
print(max(x), x.count(0))
```

ಇದು ಬರೀ ಪುಸ್ತಕದ ಮಾತಲ್ಲ. ದೊಡ್ಡ ದೇಶವೊಂದು, ಪ್ಯಾಡಿನ ನಿಯಮ ಚೆನ್ನಾಗಿ ಗೊತ್ತಿದ್ದ ದೇಶ, ಇದೇ ಗುಂಡಿಗೆ ಬಿತ್ತು.

ಸೋವಿಯತ್ ಒಕ್ಕೂಟದ ರಾಯಭಾರಿಗಳು, ವ್ಯಾಪಾರ ಕಚೇರಿಗಳು, ಗೂಢಚಾರರು ಎಲ್ಲರೂ ಮಾಸ್ಕೋಗೆ ಸಂದೇಶ ಕಳಿಸುತ್ತಿದ್ದದ್ದು ಎರಡು ಹಂತದಲ್ಲಿ. ಮೊದಲು ಕೋಡ್ ಪುಸ್ತಕ ನೋಡಿ ಪದಗಳನ್ನು ಅಂಕಿಗಳಾಗಿ ಬದಲಿಸುವುದು. ಆಮೇಲೆ ಪ್ಯಾಡಿನ ಹಾಳೆಯಿಂದ ಐದೈದು ಅಂಕಿಯ ಗುಂಪು ತೆಗೆದು, ನಾವು ಮೇಲೆ ಮಾಡಿದ ಹಾಗೇ, ದಶಕ ಒಯ್ಯದೆ ಕೂಡುವುದು. ವ್ಯವಸ್ಥೆಯಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಈ ಹಾಳೆಗಳನ್ನು ಯಾರೋ ಒಬ್ಬರು ತಯಾರಿಸಬೇಕಲ್ಲ. 1941ರಲ್ಲಿ ಜರ್ಮನ್ ಸೈನ್ಯ ಒಳಗೆ ನುಗ್ಗಿತು, ಮಾಸ್ಕೋದ ಹತ್ತಿರಕ್ಕೇ ಬಂತು. ಸಂದೇಶಗಳ ಸಂಖ್ಯೆ ಏರಿತು, ಹಾಳೆಗಳಿಗೆ ಬೇಡಿಕೆ ಏರಿತು. 1942ರ ಆರಂಭದ ಕೆಲವು ತಿಂಗಳಲ್ಲಿ ಪ್ಯಾಡ್ ತಯಾರಿಸುವವರು ಒಂದೇ ಅಂಕಿಗಳ ಹಾಳೆಗಳನ್ನು ಎರಡೆರಡು ಸಲ ಪ್ಯಾಡುಗಳಲ್ಲಿ ಸೇರಿಸಿದರು. ಹೀಗೆ ನಕಲಾದ ಹಾಳೆಗಳು ಸುಮಾರು 35,000. ಎದುರಿಗೇ ಗೊತ್ತಾಗದಂತೆ ಅವನ್ನು ಬೇರೆ ಬೇರೆ ಪ್ಯಾಡುಗಳಲ್ಲಿ ಹೊಲಿದು ಬೇರೆ ಬೇರೆ ಇಲಾಖೆಗೆ ಕಳಿಸಿದರು. ಹಾಗಾಗಿ ವ್ಯಾಪಾರ ಕಚೇರಿಯವರು ಒಂದು ಹಾಳೆ ಬಳಸಿ ಸಾಮಾನು ಸಾಗಣೆಯ ಲೆಕ್ಕ ಕಳಿಸಿದರೆ, ಅದೇ ಅಂಕಿಗಳಿರುವ ಇನ್ನೊಂದು ಹಾಳೆಯಲ್ಲಿ ನ್ಯೂಯಾರ್ಕಿನ ಗೂಢಚಾರ ಕೇಂದ್ರ ತನ್ನ ವರದಿ ಕಳಿಸಿತು. ಬಳಸಿದವರಿಗೆ ಏನೂ ತಿಳಿಯಲಿಲ್ಲ. ಅವರ ಕೈಯಲ್ಲಿದ್ದ ಪ್ಯಾಡನ್ನು ಅವರು ಒಂದೇ ಸಲ ಬಳಸಿದ್ದರು.

ಅಮೆರಿಕದ ಸೈನ್ಯದವರು ಈ ಸಂದೇಶಗಳನ್ನು ರಾಶಿ ಹಾಕಿಕೊಂಡಿದ್ದರು. 1943ರ ಫೆಬ್ರುವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್‌ನಲ್ಲಿ ಈ ಕೆಲಸ ಶುರುವಾಯಿತು. ಶುರು ಮಾಡಿದ್ದು ಜೀನ್ ಗ್ರೇಬೀಲ್, ಅದಕ್ಕೆ ಮುಂಚೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಅದೇ ವರ್ಷ ಅಕ್ಟೋಬರಿನಲ್ಲಿ ರಿಚರ್ಡ್ ಹ್ಯಾಲಕ್ ಅನ್ನುವ ಲೆಫ್ಟಿನೆಂಟ್, ಕೆಲಸಕ್ಕೆ ಬರುವ ಮೊದಲು ಪುರಾತತ್ವದ ಮನುಷ್ಯ, ಸಾವಿರಾರು ವ್ಯಾಪಾರ ಸಂದೇಶಗಳ ಆರಂಭದ ಗುಂಪುಗಳನ್ನು ಪಂಚ್ ಕಾರ್ಡಿಗೆ ಹಾಕಿಸಿ ಒಂದಕ್ಕೊಂದು ಹೋಲಿಸಿ ನೋಡಿದರು. ವ್ಯಾಪಾರದ ಸಂದೇಶಗಳು ಹೆಚ್ಚಾಗಿ ಒಂದೇ ಥರ ಶುರುವಾಗುತ್ತವೆ. ಕೀ ಬೇರೆ ಇದ್ದರೆ ಆ ಹೋಲಿಕೆ ಕಾಣುವುದೇ ಇಲ್ಲ. ಕೆಲವು ಜೋಡಿಗಳಲ್ಲಿ ಕಂಡಿತು. ಆಕಸ್ಮಿಕವಾಗಿ ಅಷ್ಟು ಹೊಂದಿಕೆ ಬರುವುದು ಸಾಧ್ಯವಿರಲಿಲ್ಲ. ಅಲ್ಲಿಗೆ ಬೀಗ ಸಡಿಲವಾಯಿತು.

ಸಡಿಲವಾಯಿತು ಅಷ್ಟೇ, ತೆರೆಯಲಿಲ್ಲ. ಕೀ ಕಳೆದ ಮೇಲೂ ಒಳಗೆ ಕೋಡ್ ಪುಸ್ತಕದ ಅಂಕಿಗಳಿದ್ದವು, ಪುಸ್ತಕ ಇವರ ಹತ್ತಿರ ಇರಲಿಲ್ಲ. ಮೆರೆಡಿತ್ ಗಾರ್ಡ್ನರ್ ಅನ್ನುವ ಭಾಷಾ ಪಂಡಿತರು ಕೂತು, ಯಾವ ಅಂಕಿ ಯಾವ ಪದವಿರಬಹುದು ಅಂತ ಒಂದೊಂದಾಗಿ ಕಟ್ಟಿದರು. 1946ರ ಡಿಸೆಂಬರಿನಲ್ಲಿ ಅವರು ಬಿಡಿಸಿದ ಒಂದು ಸಂದೇಶದಲ್ಲಿ ಅಣುಬಾಂಬ್ ಯೋಜನೆಯ ವಿಜ್ಞಾನಿಗಳ ಹೆಸರಿನ ಪಟ್ಟಿಯೇ ಇತ್ತು. ಸಂದೇಶ 1944ರದ್ದು. ಸೋವಿಯತ್ ಗೂಢಚಾರರಾದ ಕ್ಲಾಸ್ ಫ್ಯೂಕ್ಸ್ ಸಿಕ್ಕಿಬಿದ್ದದ್ದು, ಜೂಲಿಯಸ್ ರೋಸೆನ್‌ಬರ್ಗ್ ತನಕ ಎಳೆ ಹೋದದ್ದು ಇದೇ ಕೆಲಸದಿಂದ. ವೆನೋನಾ ಅಂತ ಕರೆಯುವ ಈ ಯೋಜನೆ 1980ರ ತನಕ ನಡೆಯಿತು. ಒಟ್ಟು ಸುಮಾರು 3,000 ಸಂದೇಶ ಬಿಡಿಸಿದರು, ಬಹಳಷ್ಟು ಅರ್ಧಂಬರ್ಧ.

ಇಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ಈ ಕೆಲಸ ನಡೆಯುತ್ತಿದೆ ಅನ್ನುವ ಸುದ್ದಿ 1940ರ ದಶಕ ಮುಗಿಯುವಷ್ಟರಲ್ಲೇ ತಮ್ಮ ಗೂಢಚಾರರ ಮೂಲಕ ಸೋವಿಯತ್ ಕಡೆಗೆ ಮುಟ್ಟಿತ್ತು. ಮುಟ್ಟಿ ಏನೂ ಪ್ರಯೋಜನ ಆಗಲಿಲ್ಲ. ಹೋದ ಸಂದೇಶ ಹೋಯಿತು, ಶತ್ರುವಿನ ಕಪಾಟಿನಲ್ಲಿ ಕೂತಿದೆ, ಅದನ್ನು ಹೊಸ ಕೀಯಲ್ಲಿ ಮತ್ತೆ ಮುಚ್ಚಲು ಬರುವುದಿಲ್ಲ. ಮತ್ತು ನಕಲಾಗದ ಹಾಳೆಗಳಲ್ಲಿ ಹೋದ ಸಂದೇಶಗಳನ್ನು ಇವತ್ತಿನ ತನಕ ಯಾರೂ ಓದಿಲ್ಲ. ಗಣಿತ ತನ್ನ ಮಾತು ಉಳಿಸಿಕೊಂಡಿದೆ. ಕೈಕೊಟ್ಟಿದ್ದು ಹಾಳೆ ಅಚ್ಚು ಹಾಕುವ ಜಾಗ.

ನಿಮ್ಮ ಟೆಂಡರಿಗೆ ಇನ್ನೊಂದು ಅಪಾಯ ಇದೆ, ಇದಕ್ಕೆ ಕೀ ಮರುಬಳಕೆಯೂ ಬೇಕಿಲ್ಲ. ಕದ್ದವನಿಗೆ 47192 ಗೊತ್ತಿಲ್ಲ, ಕೀಯೂ ಗೊತ್ತಿಲ್ಲ. ಆದರೆ ದಾರಿಯಲ್ಲಿ 22795ರ ಮೊದಲ ಅಂಕಿಗೆ 5 ಕೂಡಿ 72795 ಮಾಡಿ ಮುಂದೆ ಕಳಿಸಿದ. ಆ ಕಡೆಯವರು 85603 ಕಳೆದರೆ ಬರುವುದು 97192. ಯಾವ ದೋಷವೂ ಕಾಣುವುದಿಲ್ಲ, ನೋಡಲು ಸರಿಯಾದ ಮೊತ್ತವೇ. ನಿಮ್ಮ ಟೆಂಡರ್ ದುಪ್ಪಟ್ಟಾಗಿ ಕೈತಪ್ಪಿತು. ಯಾರೂ ಓದಲಾಗದ ಸಂದೇಶವನ್ನು ಯಾರು ಬೇಕಾದರೂ ತಿದ್ದಬಹುದು. ಪರಿಪೂರ್ಣ ಗೌಪ್ಯತೆ ಅನ್ನುವ ಮಾತಿನಲ್ಲಿ ತಿದ್ದದಂತೆ ಕಾಯುವ ಭರವಸೆ ಇಲ್ಲವೇ ಇಲ್ಲ. ಅದಕ್ಕೂ ಪರಿಪೂರ್ಣವಾದ ಪರಿಹಾರ ಇದೆ, ವೆಗ್ಮನ್ ಮತ್ತು ಕಾರ್ಟರ್ ಅವರ ಹೆಸರಿನಲ್ಲಿ, ಅದಕ್ಕೂ ಪ್ರತಿ ಸಂದೇಶಕ್ಕೆ ಒಂದಿಷ್ಟು ಹೊಸ ಕೀ ಖರ್ಚಾಗುತ್ತದೆ. ಬ್ಯಾಂಕಿಗೆ ಓದುವುದಕ್ಕಿಂತ ತಿದ್ದುವುದೇ ದೊಡ್ಡ ಭಯ, ಅಲ್ವಾ?

ಈಗ ಎಇಎಸ್ ಪಕ್ಕದಲ್ಲಿ ಇಟ್ಟು ನೋಡಿ. ಡಿಸ್ಕ್ ಒಯ್ಯಲು ನಂಬಿಕಸ್ಥ ಮನುಷ್ಯ ಇದ್ದಾರೆ ಅಂದಿರಿ. ಅದೇ ಮನುಷ್ಯನ ಕೈಯಲ್ಲಿ 32 ಬೈಟಿನ ಎಇಎಸ್ ಕೀ ಕಳಿಸಿ. ಒಂದು ಚೀಟಿಯಲ್ಲಿ ಬರೆಯಬಹುದು. ಟಿಬಿಗಟ್ಟಲೆ ಡೇಟಾಕ್ಕೆ ಅದರಿಂದಲೇ ಕೀಗಳನ್ನು ಹುಟ್ಟಿಸಿಕೊಳ್ಳಬಹುದು, ತಿದ್ದಿದರೆ ತಕ್ಷಣ ಗೊತ್ತಾಗುವ ಜಿಸಿಎಂ ವಿಧಾನ ಅದರ ಜೊತೆಗೇ ಬರುತ್ತದೆ. ಕಳೆದುಕೊಂಡದ್ದು ಏನು? ತಾತ್ವಿಕ ಭರವಸೆ ಮಾತ್ರ. 2ರ ಘಾತ 256 ಕೀಗಳನ್ನು ಪ್ರಯತ್ನಿಸುವವನು ಯಾರೂ ಇಲ್ಲ. ನಿಮ್ಮ ಆಫೀಸಿಗೆ ಬರುವ ಕಳ್ಳ ಎಇಎಸ್ ಮುರಿದು ಬರುವುದಿಲ್ಲ. ಅಕೌಂಟೆಂಟ್‌ಗೆ ನಕಲಿ ಇನ್‌ವಾಯ್ಸ್ ಮೇಲ್ ಕಳಿಸಿ, ಕಂಪ್ಯೂಟರಿನೊಳಗೆ ಕೂತು, ಸಂದೇಶ ಮುಚ್ಚುವ ಮೊದಲೇ ಓದುತ್ತಾನೆ. ಅಲ್ಲಿ ಪ್ಯಾಡ್ ಇದ್ದರೂ ಒಂದೇ, ಎಇಎಸ್ ಇದ್ದರೂ ಒಂದೇ. ವಾಟ್ಸಾಪಿನದ್ದಂತೂ ಬೇರೆಯೇ ಕಥೆ, ಅಲ್ಲಿ ಇಬ್ಬರು ಮೊದಲು ಭೇಟಿಯಾಗಿರುವುದೇ ಇಲ್ಲ. ಮುಖ ನೋಡದವರ ಜೊತೆ ಡಿಸ್ಕ್ ಹಂಚಿಕೊಳ್ಳುವುದು ಹೇಗೆ? ಬರೀ 50 ಶಾಖೆಗಳಿರುವ ಒಂದು ಸಂಸ್ಥೆ ಎಲ್ಲರ ನಡುವೆ ಪ್ಯಾಡ್ ಇಡಬೇಕಿದ್ದರೆ 1,225 ಜೋಡಿ ಡಿಸ್ಕ್ ಬೇಕು.

ಒಂದು ತಮಾಷೆ ಅಂದರೆ, ಇವತ್ತಿನ ಗೂಢಲಿಪಿಗಳಲ್ಲಿ ಪ್ಯಾಡಿನ ಆಕಾರ ಹಾಗೇ ಉಳಿದಿದೆ. ಎಇಎಸ್-ಜಿಸಿಎಂ ಆಗಲಿ ಚಾಚಾ20 ಆಗಲಿ, ಸಣ್ಣ ಕೀಯಿಂದ ಉದ್ದನೆಯ ಬೈಟುಗಳ ಸಾಲು ಹುಟ್ಟಿಸಿ ಸಂದೇಶದ ಜೊತೆ ಎಕ್ಸಾರ್ ಮಾಡುವುದೇ ಕೆಲಸ. ಅದಕ್ಕೇ ಮರುಬಳಕೆಯ ಕಾಯಿಲೆಯೂ ಹಾಗೇ ಉಳಿದಿದೆ. ವೈಫೈನ ಹಳೆಯ ವೆಪ್ ಭದ್ರತೆಯಲ್ಲಿ ಪ್ರತಿ ಪ್ಯಾಕೆಟ್ಟಿನ ಸಾಲನ್ನು ಬೇರೆ ಮಾಡಲು ಇದ್ದದ್ದು 24 ಬಿಟ್ ಮಾತ್ರ, ಸುಮಾರು 1.67 ಕೋಟಿ ಪ್ಯಾಕೆಟ್ ಆದ ಮೇಲೆ ಸಾಲು ಮರುಕಳಿಸಲೇಬೇಕು, ಓಡಾಟ ಜಾಸ್ತಿ ಇರುವ ನೆಟ್‌ವರ್ಕಿನಲ್ಲಿ ಅದು ಒಂದು ದಿನದ ಮಾತೂ ಅಲ್ಲ. ವೆಪ್ ಸತ್ತಿದ್ದಕ್ಕೆ ಇನ್ನೂ ದೊಡ್ಡ ಕಾರಣಗಳಿವೆ, ಆದರೆ ಇದೊಂದೇ ಸಾಕಿತ್ತು.

ಹಾಗಾದರೆ ಪ್ಯಾಡ್ ಎಲ್ಲಿಯೂ ಕೆಲಸಕ್ಕೆ ಬರಲಿಲ್ಲವಾ? ಬಂದಿದೆ. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಮರುವರ್ಷ, 1963ರಲ್ಲಿ, ಮಾಸ್ಕೋ ಮತ್ತು ವಾಷಿಂಗ್ಟನ್ ನಡುವೆ ಹಾಟ್‌ಲೈನ್ ಬಂತು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ, ಟೆಲಿಪ್ರಿಂಟರ್. ಅದರಲ್ಲಿ ಒನ್-ಟೈಮ್ ಟೇಪ್ ಬಳಸಿದರು, ಯಂತ್ರ ನಾರ್ವೆಯದು. ಪ್ರತಿ ದೇಶವೂ ತಾನು ಕಳಿಸುವ ಸಂದೇಶಗಳ ಕೀ ಟೇಪನ್ನು ತಾನೇ ತಯಾರಿಸಿ ತನ್ನ ರಾಯಭಾರ ಕಚೇರಿಯ ಮೂಲಕ ಇನ್ನೊಬ್ಬರಿಗೆ ಕೊಡುತ್ತಿತ್ತು. ಇಲ್ಲಿ ಪ್ಯಾಡಿಗೆ ಬೇಕಾದದ್ದೆಲ್ಲ ಕೂಡಿಬಂದಿತ್ತು. ತುದಿಗಳು ಎರಡೇ. ಸಂದೇಶ ಕಡಿಮೆ, ಬರೀ ಅಕ್ಷರ. ಡಿಪ್ಲೊಮ್ಯಾಟಿಕ್ ಬ್ಯಾಗು ಹೇಗೂ ಓಡಾಡುತ್ತಲೇ ಇತ್ತು. ಇದಕ್ಕಿಂತ ಚೆಂದದ ಕಾರಣ ಇನ್ನೊಂದಿತ್ತು: ಪ್ಯಾಡಿನಲ್ಲಿ ಮುಚ್ಚಿಡುವಂಥ ತಂತ್ರ ಏನೂ ಇಲ್ಲ. ತಮ್ಮ ನಿಜವಾದ ಗೂಢಲಿಪಿ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಶತ್ರುವಿಗೆ ತೋರಿಸುವ ಅಗತ್ಯವೇ ಇಬ್ಬರಿಗೂ ಬರಲಿಲ್ಲ.

ಕೊನೆಯದಾಗಿ, ಕ್ವಾಂಟಮ್ ಬಂದರೆ ಕೀ ಸಾಗಿಸುವ ತಾಪತ್ರಯ ಹೋಗುತ್ತಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಬೆಳಕಿನ ಕಣಗಳ ಮೂಲಕ ಕೀ ಹಂಚುವ ಪ್ರಯೋಗಗಳು ನಡೆದಿವೆ. ತತ್ವದಲ್ಲಿ ಅದು ಪ್ಯಾಡಿಗೆ ಹೇಳಿ ಮಾಡಿಸಿದ ಜೋಡಿ. ಆದರೆ ಪ್ಯಾಡ್ ಕೇಳುವುದು ಸಂದೇಶದ ವೇಗದಲ್ಲೇ ಕೀ. ಫೈಬರ್ ಉದ್ದವಾದಷ್ಟೂ ತಲುಪುವ ಕಣಗಳು ಕಡಿಮೆ, ಕೀ ಹುಟ್ಟುವ ವೇಗ ಡೇಟಾ ಓಡುವ ವೇಗಕ್ಕಿಂತ ಬಹಳ ಹಿಂದೆ ಬೀಳುತ್ತದೆ. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಇಂಥ ಉಪಕರಣಗಳಲ್ಲಿ ಹೆಚ್ಚಿನವು ಅಷ್ಟು ಕಷ್ಟಪಟ್ಟು ಹಂಚಿದ ಕೀಯನ್ನು ತಂದು ಕೊಡುವುದು ಎಇಎಸ್‌ಗೇ.